ಮಗುವಿನ ಜ್ವರಕ್ಕೆ ಒಂದು ಮದ್ದು ಸಾಕೋ, ಎರಡು ಬೇಕೋ: ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮತ್ತು ಬರೆದಿಡುವ ಲೆಕ್ಕ

ಬದಿಯಡ್ಕದ ಕಡೆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು ಕೆಲಸ ಮಾಡುವ ನನಗೆ ಮಳೆಗಾಲ ಶುರುವಾದರೆ ಸಾಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ಪ್ಯಾರಾಸಿಟಮಾಲ್ ಕೊಟ್ಟೆವು, ಜ್ವರ ಪೂರ್ತಿ ಬಿಡಲಿಲ್ಲ. ಇನ್ನೊಂದು ಮದ್ದು ಉಂಟಲ್ಲ, ಅದನ್ನು ನಡುವೆ ಕೊಡಬಹುದಾ?” ಕೇಳುವವರು ರಾತ್ರಿಯಿಡೀ ನಿದ್ದೆಗೆಟ್ಟ ತಾಯಂದಿರು, ಕೆಲವೊಮ್ಮೆ ಬೈಕನ್ನು ರಸ್ತೆ ಬದಿಯಲ್ಲೇ ನಿಲ್ಲಿಸಿ ಓಡಿ ಬಂದ ಅಪ್ಪಂದಿರು. ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಮುಂದೆ ಇರುವ ದಾರಿ ನಾಲ್ಕು. ಪ್ಯಾರಾಸಿಟಮಾಲ್ ಒಂದನ್ನೇ ಕೊಡುವುದು, ಐಬುಪ್ರೊಫೆನ್ ಒಂದನ್ನೇ ಕೊಡುವುದು, ಎರಡನ್ನೂ ಬೇರೆ ಬೇರೆ ಹೊತ್ತಿಗೆ ಬರೆದಿಟ್ಟುಕೊಂಡು ಕೊಡುವುದು, ಎರಡೂ ಸೇರಿರುವ ಸಿರಪ್ ಕೊಡುವುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮಕ್ಕಳಿಗೆ ಮೊದಲನೆಯ ದಾರಿಯೇ ಸಾಕು. ಮೂರನೆಯದು ಕೆಲವು ರಾತ್ರಿಗಳಿಗೆ ಮಾತ್ರ, ಅದೂ ವೈದ್ಯರು ಮಗುವನ್ನು ನೋಡಿ ಒಪ್ಪಿದ ಮೇಲೆ, ಕೈಯಲ್ಲಿ ಪೆನ್ನು ಇದ್ದರೆ. ನಾಲ್ಕನೆಯದನ್ನು ಮನೆಯಲ್ಲಿ ನಾವಾಗಿ ಆರಿಸಿಕೊಳ್ಳಬಾರದು.

ಮದ್ದು ಯಾತಕ್ಕೆ?

ಆಯ್ಕೆಗೆ ಮೊದಲು ಇದೊಂದು ತೀರ್ಮಾನವಾಗಬೇಕು. ಥರ್ಮಾಮೀಟರಿನಲ್ಲಿ 98.6 ಕಾಣಿಸುವುದಕ್ಕೆಂದು ಮದ್ದು ಕೊಡುವುದಲ್ಲ. ಮಗುವಿನ ಮೈಕೈ ನೋವು, ಅಳು, ಕಿರಿಕಿರಿ ಕಡಿಮೆಯಾಗಿ ಅದು ನಾಲ್ಕು ಗುಟುಕು ಕುಡಿದು ಸ್ವಲ್ಪ ನಿದ್ದೆ ಮಾಡಲಿ ಎಂದು ಕೊಡುವುದು. ಜ್ವರ 103ರಿಂದ 101ಕ್ಕೆ ಇಳಿದು ಮಗು ಗಂಜಿ ಕುಡಿಯಿತು ಎಂದಾದರೆ ಮದ್ದು ತನ್ನ ಕೆಲಸ ಮಾಡಿದೆ. “ಪೂರ್ತಿ ಬಿಡಲಿಲ್ಲ” ಎಂದು ಎರಡನೆಯ ಮದ್ದಿಗೆ ಕೈ ಹಾಕುವ ಅರ್ಧದಷ್ಟು ಸಂದರ್ಭಗಳಲ್ಲಿ ಮೊದಲನೆಯದು ಕೆಲಸ ಮಾಡುತ್ತಲೇ ಇರುತ್ತದೆ. ಎರಡೂ ಮದ್ದುಗಳು ಕೆಲಸ ಶುರುಮಾಡುವುದಕ್ಕೆ ಅರ್ಧದಿಂದ ಒಂದು ಗಂಟೆ ಬೇಕು. ಜ್ವರ ಹೆಚ್ಚು ಇಳಿದು ಕಾಣುವುದು ಎರಡು ಮೂರು ಗಂಟೆಗಳ ಹೊತ್ತಿಗೆ.

ಇನ್ನೊಂದು ಹೆದರಿಕೆ ಜ್ವರದ ಫಿಟ್ಸ್. ಅದನ್ನು ತಡೆಯಲಿಕ್ಕೆ ಎರಡೂ ಮದ್ದನ್ನು ಬಿಡದೆ ಕೊಡುತ್ತಾ ಇರುವವರಿದ್ದಾರೆ. ಜ್ವರ ಇಳಿಸುವ ಮದ್ದು ಒಂದೇ ಇರಲಿ, ಎರಡಿರಲಿ, ಫಿಟ್ಸ್ ಬಾರದಂತೆ ತಡೆಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಆ ಕಾರಣಕ್ಕಾಗಿ ಎರಡನೆಯ ಬಾಟಲಿ ತೆರೆಯಬೇಕಾಗಿಲ್ಲ.

ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ

ಪ್ಯಾರಾಸಿಟಮಾಲ್ ಹೊಟ್ಟೆಗೆ ಸೌಮ್ಯ. ಊಟವಾಗಿದ್ದರೂ ಆಗದಿದ್ದರೂ ಕೊಡಬಹುದು. ಲೆಕ್ಕ ಮಗುವಿನ ತೂಕದ ಮೇಲೆ: ಕಿಲೋಗೆ 15 ಮಿಲಿಗ್ರಾಂ. ಎರಡು ಡೋಸಿನ ನಡುವೆ ಕಡಿಮೆ ಎಂದರೆ 4 ಗಂಟೆ, 6 ಗಂಟೆ ಆದರೆ ಇನ್ನೂ ಒಳ್ಳೆಯದು. ಯಾವುದೇ 24 ಗಂಟೆಯೊಳಗೆ ನಾಲ್ಕು ಡೋಸ್ ದಾಟಬಾರದು. ಮಿತಿ ಮೀರಿದರೆ ಪೆಟ್ಟು ಬೀಳುವುದು ಲಿವರಿಗೆ.

ಐಬುಪ್ರೊಫೆನ್ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಆರರಿಂದ ಎಂಟು ಗಂಟೆ. ಕಿಲೋಗೆ 5ರಿಂದ 10 ಮಿಲಿಗ್ರಾಂ ಅದರ ಪ್ರಮಾಣ. ನಡುವೆ ಕಡಿಮೆ ಎಂದರೆ 6 ಗಂಟೆ ಬಿಡಬೇಕು. ದಿನಕ್ಕೆ ಮೂರು ಡೋಸ್ ಎಂದಿಟ್ಟುಕೊಳ್ಳುವುದು ಕ್ಷೇಮ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕೊಟ್ಟರೆ ಒಳ್ಳೆಯದು. ಆರು ತಿಂಗಳೊಳಗಿನ ಮಗುವಿಗೆ ವೈದ್ಯರು ಹೇಳದೆ ಕೊಡಲೇಬಾರದು. ಈ ಮದ್ದಿನ ಮುಖ್ಯ ತೊಂದರೆ ಬರುವುದು ಮೈಯಲ್ಲಿ ನೀರು ಕಡಿಮೆಯಾದಾಗ. ವಾಂತಿ ಭೇದಿಯಿಂದ ಬಳಲಿದ, ಏನೂ ಕುಡಿಯದ, ಮೂತ್ರ ಕಡಿಮೆಯಾದ ಮಗುವಿಗೆ ಇದನ್ನು ಕೊಟ್ಟರೆ ಮೂತ್ರಪಿಂಡಕ್ಕೆ ಹೊಡೆತ ಬೀಳಬಹುದು. ಚಿಕನ್‌ಪಾಕ್ಸ್ ಎದ್ದಿದ್ದರೆ ಬೇಡ. ಹಿಂದೊಮ್ಮೆ ಇಂಥ ಮದ್ದಿನಿಂದ ಉಬ್ಬಸ ಹೆಚ್ಚಾಗಿದ್ದರೂ ಬೇಡ.

ನಮ್ಮ ಕಾಸರಗೋಡಿನ ಕಡೆ ಇದಕ್ಕಿಂತಲೂ ದೊಡ್ಡ ಕಾರಣವೊಂದಿದೆ. ಮಳೆ ಬಿದ್ದ ಮೇಲೆ ಅಡಕೆ ತೋಟದ ಹಾಳೆಯಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ ನೀರು ನಿಂತು ಸೊಳ್ಳೆ ಎದ್ದರೆ ಡೆಂಗಿ ಬರುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ಐಬುಪ್ರೊಫೆನ್ ಪ್ಲೇಟ್‌ಲೆಟ್‌ನ ಕೆಲಸಕ್ಕೇ ಅಡ್ಡ ಬರುತ್ತದೆ, ಹೊಟ್ಟೆಯ ಒಳಪದರವನ್ನೂ ಕೆರಳಿಸುತ್ತದೆ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ. ಇಲಿಜ್ವರದಲ್ಲಿ ಮೂತ್ರಪಿಂಡ ಮೊದಲೇ ಕಷ್ಟದಲ್ಲಿರುತ್ತದೆ. ಮೊದಲ ಎರಡು ದಿನ ಇವುಗಳಿಗೂ ಸಾಮಾನ್ಯ ವೈರಲ್ ಜ್ವರಕ್ಕೂ ಮನೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದ್ದರಿಂದ ಜೂನ್‌ನಿಂದ ಮಳೆ ಬಿಡುವವರೆಗೆ ಕಾರಣ ತಿಳಿಯದ ಜ್ವರಕ್ಕೆ ವೈದ್ಯರು ನೋಡುವ ತನಕ ಪ್ಯಾರಾಸಿಟಮಾಲ್ ಮಾತ್ರ ಎಂಬುದು ನನ್ನ ಖಚಿತ ಮಾತು. ಮೆಫೆನಾಮಿಕ್ ಆಸಿಡ್ ಇರುವ ಸಿರಪ್‌ಗೂ ಇದೇ ಮಾತು ಅನ್ವಯ. ಮೆಫ್ಟಾಲ್-ಪಿ ಎಂದು ಕೇಳಿ ಪಡೆಯುವುದು ಅದನ್ನೇ. ಅದು ಐಬುಪ್ರೊಫೆನ್‌ನ ದಾಯಾದಿ. ಅದನ್ನು ಮೂರನೆಯ ಬೇರೆ ಮದ್ದು ಎಂದು ತಿಳಿದು ಐಬುಪ್ರೊಫೆನ್‌ನ ಜೊತೆ ಕೊಟ್ಟರೆ ಒಂದೇ ಜಾತಿಯ ಮದ್ದು ಇಮ್ಮಡಿಯಾಗುತ್ತದೆ.

ಹಾಗಾದರೆ ಐಬುಪ್ರೊಫೆನ್ ಒಂದನ್ನೇ ಕೊಡುವ ಎರಡನೆಯ ದಾರಿ ಯಾರಿಗೆ? ಕಿವಿನೋವು, ಗಂಟಲು ಬಾವು, ಹಲ್ಲಿನ ಬಾವು ಇಂಥ ಕಾರಣ ಸ್ಪಷ್ಟವಾಗಿದ್ದು, ಮಗು ಚೆನ್ನಾಗಿ ಕುಡಿಯುತ್ತಿದ್ದು, ವೈದ್ಯರು ಬರೆದಿದ್ದರೆ ಅದು ಒಳ್ಳೆಯ ಮದ್ದೇ. ಬಾವು ಇಳಿಸುವ ಗುಣ ಪ್ಯಾರಾಸಿಟಮಾಲ್‌ಗೆ ಅಷ್ಟಾಗಿ ಇಲ್ಲ.

ಎರಡೂ ಕೊಟ್ಟರೆ ಲಾಭವೆಷ್ಟು?

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರು ತಿಂಗಳಿಂದ ಆರು ವರ್ಷದೊಳಗಿನ 156 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎರಡೂ ಮದ್ದು ಪಡೆದ ಮಕ್ಕಳು ಮೊದಲ 24 ಗಂಟೆಯಲ್ಲಿ ಪ್ಯಾರಾಸಿಟಮಾಲ್ ಮಾತ್ರ ಪಡೆದವರಿಗಿಂತ ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು, ಐಬುಪ್ರೊಫೆನ್ ಮಾತ್ರ ಪಡೆದವರಿಗಿಂತ ಎರಡೂವರೆ ಗಂಟೆ ಹೆಚ್ಚು ಹೊತ್ತು ಜ್ವರವಿಲ್ಲದೆ ಇದ್ದರು. ಆದರೆ ಮಗುವಿನ ಕಿರಿಕಿರಿ ಕಡಿಮೆಯಾದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಮುಖ್ಯವೆನಿಸಿದ್ದು ಇನ್ನೊಂದು: ಎಲ್ಲವನ್ನೂ ಬರೆದುಕೊಂಡು ಮಾಡಿದ ಆ ಅಧ್ಯಯನದಲ್ಲೇ ಕೆಲವು ಮಕ್ಕಳಿಗೆ 24 ಗಂಟೆಯಲ್ಲಿ ಕೊಡಬೇಕಾದ್ದಕ್ಕಿಂತ ಹೆಚ್ಚು ಡೋಸ್ ಹೋಗಿತ್ತು. ಬರೆಯದೆ ಕೊಡುವ ಮನೆಯಲ್ಲಿ ಏನಾಗಬಹುದು ಎಂದು ನೀವೇ ಯೋಚಿಸಿ.

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಕೂಡ ಹೇಳುವುದು ಇಷ್ಟೇ. ಎರಡನ್ನೂ ಒಟ್ಟಿಗೆ ಕೊಡಬೇಡಿ. ಒಂದನ್ನು ಕೊಟ್ಟು ಮಗುವಿನ ಸಂಕಟ ಕಡಿಮೆಯಾಗದಿದ್ದರೆ, ಅಥವಾ ಮುಂದಿನ ಡೋಸಿನ ಹೊತ್ತಿಗೆ ಮೊದಲೇ ಮರಳಿ ಬಂದರೆ ಮಾತ್ರ ಇನ್ನೊಂದನ್ನು ಯೋಚಿಸಿ. ಅಳತೆ ಸಂಕಟವೇ ಹೊರತು ಡಿಗ್ರಿ ಅಲ್ಲ.

ಬಾಟಲಿ ಓದುವುದು

ಗಡಿಯಲ್ಲಿ ಇರುವ ನಮಗೆ ಇದು ವಿಶೇಷ ತೊಡಕು. ಮಂಗಳೂರಿನ ಡಾಕ್ಟರು ಬರೆದ ಬಾಟಲಿ ಅರ್ಧ ಮುಗಿದಿರುತ್ತದೆ. ಊರಿನಲ್ಲಿ ಕೊಂಡದ್ದು ಬೇರೆ ಕಂಪನಿಯದು. ಲಸಿಕೆ ಹಾಕಿಸಿದಾಗ ತಂದ ಡ್ರಾಪ್ಸ್ ಇನ್ನೊಂದು ಕಡೆ. ಕ್ಯಾಲ್ಪಾಲ್, ಕ್ರೋಸಿನ್, ಡೋಲೋ, ಹೆಸರು ಮೂರಾದರೂ ಮದ್ದು ಒಂದೇ, ಪ್ಯಾರಾಸಿಟಮಾಲ್. ಒಂದನ್ನು ಬಿಟ್ಟು ಇನ್ನೊಂದು ಕೊಟ್ಟೆವು ಎಂದುಕೊಂಡರೆ ಅದೇ ಮದ್ದು ಎರಡು ಸಲ ಹೋಗಿರುತ್ತದೆ.

ಹೆಸರಿನಷ್ಟೇ ಮುಖ್ಯವಾದದ್ದು ಸಾಂದ್ರತೆ. ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಯಲ್ಲಿ 120 ಅಥವಾ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಡ್ರಾಪ್ಸ್‌ನಲ್ಲಿ ಒಂದೇ ಮಿಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ. ಮಗುವಿನ ತೂಕ 12 ಕಿಲೋ ಎಂದಿಟ್ಟುಕೊಳ್ಳಿ. 12ನ್ನು 15ರಿಂದ ಗುಣಿಸಿದರೆ ಬೇಕಾದ್ದು 180 ಮಿಲಿಗ್ರಾಂ. 120ರ ಬಾಟಲಿಯಾದರೆ ಅದು ಏಳೂವರೆ ಮಿಲಿ. 250ರ ಬಾಟಲಿಯಾದರೆ ಮೂರೂವರೆ ಮಿಲಿಗೆ ಸ್ವಲ್ಪ ಮೇಲೆ. ಡ್ರಾಪ್ಸ್ ಆದರೆ 1.8 ಮಿಲಿ ಮಾತ್ರ. “ಏಳೂವರೆ” ಎಂಬ ಮಾತನ್ನಷ್ಟೇ ನೆನಪಿಟ್ಟುಕೊಂಡ ಅಜ್ಜಿ 250ರ ಬಾಟಲಿಯಿಂದ ಅಳೆದರೆ ಮಗುವಿಗೆ ಹೋಗುವುದು 375 ಮಿಲಿಗ್ರಾಂ, ಅಂದರೆ ಇಮ್ಮಡಿಗೂ ಹೆಚ್ಚು. ಇದರಲ್ಲಿ ಅಜ್ಜಿಯ ತಪ್ಪು ಏನೂ ಇಲ್ಲ. ಎರಡು ಸಾಂದ್ರತೆಯ ಬಾಟಲಿ ಒಂದೇ ಮನೆಯಲ್ಲಿ ಇರಬಾರದಿತ್ತು.

ಐಬುಪ್ರೊಫೆನ್ ಸಿರಪ್ ಸಾಮಾನ್ಯವಾಗಿ 5 ಮಿಲಿಯಲ್ಲಿ 100 ಮಿಲಿಗ್ರಾಂ. 12 ಕಿಲೋ ಮಗುವಿಗೆ 5 ಮಿಲಿ ಎಂದರೆ ಕಿಲೋಗೆ ಎಂಟು ಚಿಲ್ಲರೆ ಮಿಲಿಗ್ರಾಂ, ಅಷ್ಟು ಸಾಕು.

ತೂಕ ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ನೋಡಿಸಿ, ದಿನಾಂಕದೊಂದಿಗೆ ಬರೆದಿಡಿ. ಅಳೆಯಲಿಕ್ಕೆ ಅಡುಗೆಮನೆಯ ಚಮಚ ಬೇಡ. ಬಾಟಲಿಯ ಜೊತೆ ಬಂದ ಗೆರೆಯಿರುವ ಮುಚ್ಚಳ, ಅದಕ್ಕಿಂತ ಒಳ್ಳೆಯದೆಂದರೆ ಸೂಜಿ ಇಲ್ಲದ ಸಿರಿಂಜ್, ನಮ್ಮಲ್ಲಿ ಕೇಳಿದರೆ ಸಿಗುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಇಲ್ಲವಾದರೆ ಮೇಲಿನ ಡೋಸ್ ತೆಳು, ಅಡಿಯ ಡೋಸ್ ಗಟ್ಟಿ ಆಗುತ್ತದೆ.

ಮೂರು ಗಂಟೆಗೊಮ್ಮೆ ಎಂಬ ಲೆಕ್ಕದ ದೋಷ

“ಮೂರು ಗಂಟೆಗೊಮ್ಮೆ ಒಂದಾದ ಮೇಲೆ ಒಂದು ಕೊಡಿ” ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ. ಕೇಳಲಿಕ್ಕೆ ಸುಲಭ. ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಆರಕ್ಕೆ ಪ್ಯಾರಾಸಿಟಮಾಲ್, ಒಂಬತ್ತಕ್ಕೆ ಐಬುಪ್ರೊಫೆನ್, ಹನ್ನೆರಡಕ್ಕೆ ಪ್ಯಾರಾಸಿಟಮಾಲ್, ಮೂರಕ್ಕೆ ಐಬುಪ್ರೊಫೆನ್. ಹೀಗೇ ಹೋದರೆ ಮರುದಿನ ಬೆಳಗ್ಗೆ ಆರರೊಳಗೆ ಎರಡೂ ನಾಲ್ಕು ನಾಲ್ಕು ಸಲ ಆಗುತ್ತವೆ. ಪ್ಯಾರಾಸಿಟಮಾಲ್ ಮಿತಿಯ ಅಂಚಿನಲ್ಲಿ ನಿಂತಿತು, ಐಬುಪ್ರೊಫೆನ್ ಮೂರರ ಮಿತಿ ದಾಟಿತು. ಯಾರಾದರೂ ಒಮ್ಮೆ ಬಾಟಲಿ ಬದಲಿಸಿದರೆ ಮೂರೇ ಗಂಟೆಯಲ್ಲಿ ಅದೇ ಮದ್ದು ಮತ್ತೆ ಹೋಗುತ್ತದೆ. ಮಲಗಿದ ಮಗುವನ್ನು ಎಬ್ಬಿಸಿ ಕೊಡುವ ಕಷ್ಟ ಬೇರೆ.

ನಾಲ್ಕು ಗಂಟೆಗೊಮ್ಮೆ ಎಂದರೆ ಪ್ರತಿಯೊಂದೂ ಎಂಟು ಗಂಟೆಗೊಮ್ಮೆ ಬರುತ್ತದೆ, ದಿನಕ್ಕೆ ಮೂರು ಮೂರು. ಲೆಕ್ಕದ ಮಟ್ಟಿಗೆ ಇದು ಕ್ಷೇಮ. ಗಡಿಯಾರ ನೋಡಿಯೇ ಕೊಡಬೇಕೆಂದು ವೈದ್ಯರು ಹೇಳಿದರೆ ನಾನು ಇದನ್ನು ಒಪ್ಪುತ್ತೇನೆ. ಆದರೆ ಎಲ್ಲಕ್ಕಿಂತ ಒಳ್ಳೆಯದು ಯಾವ ಸರಪಳಿಯನ್ನೂ ಕಟ್ಟದೆ, ಮಗುವಿಗೆ ಬೇಕೆನಿಸಿದಾಗ ಮಾತ್ರ ಕೊಡುವುದು. ಪ್ಯಾರಾಸಿಟಮಾಲ್‌ಗೆ ಒಂದು ಗಡಿಯಾರ, ಐಬುಪ್ರೊಫೆನ್‌ಗೆ ಇನ್ನೊಂದು ಗಡಿಯಾರ ಎಂದು ತಿಳಿಯಿರಿ. ಒಂದರ ಹೊತ್ತು ಇನ್ನೊಂದರ ಹೊತ್ತನ್ನು ಮುಂದೆ ತರುವುದೂ ಇಲ್ಲ, ಹಿಂದೆ ತಳ್ಳುವುದೂ ಇಲ್ಲ. ಈ ಎರಡು ಗಡಿಯಾರವನ್ನು ತಲೆಯಲ್ಲಿ ಇಟ್ಟುಕೊಳ್ಳಲು ನಿದ್ದೆಗೆಟ್ಟವರಿಂದ ಆಗುವುದಿಲ್ಲ, ಅದಕ್ಕೇ ಬರೆಯಬೇಕು.

ಬರೆಯುವುದು ಹೇಗೆ

ಮೊಬೈಲಿಗಿಂತ ಕಾಗದ ಮೇಲು. ಅಪ್ಪನ ಮೊಬೈಲಿನಲ್ಲಿ ಬರೆದದ್ದು ಅಪ್ಪ ಕೆಲಸಕ್ಕೆ ಹೋದರೆ ಅವನ ಜೊತೆಗೇ ಹೋಗುತ್ತದೆ. ಹಳೆಯ ನೋಟ್‌ಬುಕ್ಕಿನ ಹಾಳೆಯೊಂದನ್ನು ಫ್ರಿಜ್ಜಿನ ಬಾಗಿಲಿಗೋ ಕ್ಯಾಲೆಂಡರಿನ ಮೊಳೆಗೋ ಸಿಕ್ಕಿಸಿ, ಪೆನ್ನನ್ನು ದಾರದಲ್ಲಿ ಕಟ್ಟಿ ಅಲ್ಲೇ ತೂಗುಬಿಡಿ. ಹಾಳೆಯ ತಲೆಯಲ್ಲಿ ಮಗುವಿನ ಹೆಸರು, ತೂಕ, ಎರಡೂ ಬಾಟಲಿಯ ಸಾಂದ್ರತೆ, ಎಷ್ಟು ಮಿಲಿ, ಕಡಿಮೆ ಎಂದರೆ ಎಷ್ಟು ಗಂಟೆ, ದಿನಕ್ಕೆ ಎಷ್ಟು ಸಲ ಎಂದು ವೈದ್ಯರು ಹೇಳಿದ್ದನ್ನು ಬರೆಯಿರಿ. ಕೆಳಗೆ ಎರಡು ಅಂಕಣ ಮಾಡಿ, ಎಡಕ್ಕೆ ಪ್ಯಾರಾಸಿಟಮಾಲ್, ಬಲಕ್ಕೆ ಐಬುಪ್ರೊಫೆನ್. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಬರೆದರೆ ರಾತ್ರಿ ಎರಡು ಗಂಟೆಗೆ ಕಣ್ಣು ತಪ್ಪುತ್ತದೆ.

ನಮ್ಮ ಮನೆಗಳಲ್ಲಿ ಕನ್ನಡ ಮಾತ್ರ ಓದುವ ಅಜ್ಜಿಯೂ ಮಲಯಾಳ ಮಾತ್ರ ಓದುವ ಸೊಸೆಯೂ ಇರುತ್ತಾರೆ, ಬಾಟಲಿಯ ಮೇಲಿರುವುದು ಇಂಗ್ಲಿಷ್. ಆದ್ದರಿಂದ ಒಂದು ಬಾಟಲಿಗೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ ಟೇಪು ಸುತ್ತಿ, ಹಾಳೆಯ ಅಂಕಣದ ತಲೆಗೂ ಅದೇ ಬಣ್ಣ ಹಚ್ಚಿ. ಓದಲು ಬಾರದವರೂ ಇದನ್ನು ತಪ್ಪದೆ ಅನುಸರಿಸುತ್ತಾರೆ.

ಮದ್ದು ಬಾಯಿಗೆ ಹಾಕಿದ ಕೂಡಲೇ ಬರೆಯಬೇಕು, ಆಮೇಲೆ ಅಲ್ಲ. ಗಂಟೆಯ ಜೊತೆ ಬೆಳಗ್ಗೆಯೋ ರಾತ್ರಿಯೋ ಎಂದು ಬರೆಯಬೇಕು, ಯಾರು ಕೊಟ್ಟದ್ದು ಎಂದೂ ಬರೆಯಬೇಕು. ಬದಿಯಲ್ಲಿ ಜಾಗ ಬಿಟ್ಟು ಕುಡಿದದ್ದು, ಮೂತ್ರ ಹೋದದ್ದು, ವಾಂತಿ ಇವನ್ನೂ ಬರೆಯಿರಿ. ಮರುದಿನ ವೈದ್ಯರಿಗೆ ಡಿಗ್ರಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ರಾತ್ರಿಯ ಉದಾಹರಣೆ ಕೊಡುತ್ತೇನೆ. ಎರಡೂವರೆ ವರ್ಷದ, 12 ಕಿಲೋ ತೂಕದ ಮಗು. ಟಾನ್ಸಿಲ್ ಬಾತಿದೆ. ವೈದ್ಯರು ನೋಡಿದ್ದಾರೆ, ರಕ್ತ ಪರೀಕ್ಷೆಯೂ ಆಗಿದೆ, ಡೆಂಗಿಯ ಸಂಶಯ ಇಲ್ಲ, ಬೇಕಾದರೆ ಐಬುಪ್ರೊಫೆನ್ ಕೊಡಬಹುದು ಎಂದು ಹೇಳಿದ್ದಾರೆ. ಹಾಳೆಯಲ್ಲಿ ಬರೆದದ್ದು ಹೀಗೆ:

ಸಂಜೆ 6:10. 102.4. ಪ್ಯಾರಾಸಿಟಮಾಲ್ 7.5 ಮಿಲಿ. ಅಮ್ಮ.
ಸಂಜೆ 7:20. 100.6. ಮದ್ದಿಲ್ಲ. ಗಂಜಿ ಕುಡಿಯಿತು, ಆಡಿತು.
ರಾತ್ರಿ 10:30. 102.8. ಅಳು. ಪ್ಯಾರಾಸಿಟಮಾಲ್ 7.5 ಮಿಲಿ. ಅಮ್ಮ.
ರಾತ್ರಿ 12:15. 102. ಮದ್ದಿಲ್ಲ. ಹಾಲು ಕುಡಿಯಿತು, ಮೂತ್ರ ಹೋಯಿತು.
ರಾತ್ರಿ 1:10. 103. ನೋವಿನ ಅಳು, ನಿದ್ದೆ ಇಲ್ಲ. ಐಬುಪ್ರೊಫೆನ್ 5 ಮಿಲಿ. ಅಪ್ಪ.
ನಸುಕು 3:00. ಬೆವರಿದೆ, ನಿದ್ದೆ. ಮದ್ದಿಲ್ಲ.
ಬೆಳಗ್ಗೆ 5:45. 101.4. ಎದ್ದು ನೀರು ಕುಡಿಯಿತು. ಮದ್ದಿಲ್ಲ.
ಬೆಳಗ್ಗೆ 7:40. 102.2. ಕಿರಿಕಿರಿ. ಪ್ಯಾರಾಸಿಟಮಾಲ್ 7:40ಕ್ಕೆ 7.5 ಮಿಲಿ. ಅಜ್ಜಿ.

ರಾತ್ರಿ ಹತ್ತೂವರೆಗೆ ನೋಡಿ. ಜ್ವರ ಮರಳಿ ಬಂತು ಎಂದು ಇನ್ನೊಂದು ಬಾಟಲಿಗೆ ಕೈ ಹಾಕುವುದು ಇಲ್ಲೇ. ಆದರೆ ಮೊದಲ ಡೋಸ್ ಆಗಿ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಕಳೆದಿದೆ, ಪ್ಯಾರಾಸಿಟಮಾಲನ್ನೇ ಮತ್ತೆ ಕೊಡಬಹುದಾಗಿತ್ತು, ಅಮ್ಮ ಅದನ್ನೇ ಕೊಟ್ಟರು. ಹಾಳೆ ಇಲ್ಲದಿದ್ದರೆ “ಈಗಷ್ಟೇ ಕೊಟ್ಟದ್ದಲ್ಲವಾ” ಎಂದು ಅನಿಸುತ್ತಿತ್ತು.

ಹನ್ನೆರಡೂಕಾಲಕ್ಕೆ ಜ್ವರ 102 ಇದ್ದರೂ ಮಗು ಹಾಲು ಕುಡಿದಿದೆ, ಅಳು ಇಲ್ಲ. ಕೊಡಲಿಲ್ಲ. ಒಂದು ಗಂಟೆ ಹತ್ತಕ್ಕೆ ಪರಿಸ್ಥಿತಿ ಬೇರೆ. ಪ್ಯಾರಾಸಿಟಮಾಲ್ ಆಗಿ ಎರಡು ಗಂಟೆ ನಲವತ್ತು ನಿಮಿಷ ಅಷ್ಟೇ, ಇನ್ನೂ ಒಂದು ಗಂಟೆಗೂ ಹೆಚ್ಚು ಕಾಯಬೇಕು, ಮಗು ನೋವಿನಿಂದ ಅಳುತ್ತಿದೆ. ಎರಡನೆಯ ಮದ್ದಿಗೆ ಇದೇ ಸರಿಯಾದ ಹೊತ್ತು. ಅಪ್ಪ ಕೊಡುವ ಮೊದಲು ಹಾಳೆಯ ಬದಿಯಲ್ಲಿ ನೋಡಿದ್ದು ಎರಡು: ಒಂದು ಗಂಟೆ ಹಿಂದೆ ಹಾಲು ಕುಡಿದಿದೆ, ಮೂತ್ರವೂ ಹೋಗಿದೆ. ಅವೆರಡೂ ಇಲ್ಲದಿದ್ದರೆ ಐಬುಪ್ರೊಫೆನ್ ಬಾಟಲಿ ಮುಚ್ಚಿಟ್ಟು ಎರಡೂವರೆಯವರೆಗೆ ಪ್ಯಾರಾಸಿಟಮಾಲ್‌ಗೆ ಕಾಯುವುದೇ ಸರಿಯಾಗುತ್ತಿತ್ತು.

ನಸುಕಿನ ಮೂರಕ್ಕೆ ಪ್ಯಾರಾಸಿಟಮಾಲ್‌ನ ಹೊತ್ತು ಆಗಿತ್ತು. ಮಗು ಮಲಗಿತ್ತು, ಎಬ್ಬಿಸಲಿಲ್ಲ. ಹೊತ್ತು ಆಯಿತು ಎಂದರೆ ಕೊಡಬಹುದು ಎಂದರ್ಥ, ಕೊಡಲೇಬೇಕು ಎಂದಲ್ಲ.

ಬೆಳಗ್ಗೆ 7:40ಕ್ಕೆ ಅಜ್ಜಿ ಕೊಡುವಾಗ ಐಬುಪ್ರೊಫೆನ್‌ನ ಆರು ಗಂಟೆಯೂ ತುಂಬಿತ್ತು. ಆದರೂ ಕೆಂಪು ಟೇಪು ಸುತ್ತಿದ ಪ್ಯಾರಾಸಿಟಮಾಲ್ ಬಾಟಲಿಯೇ ಮೊದಲ ಮದ್ದು, ಅದರ ಹೊತ್ತು ಆಗಿದ್ದರೆ ಅದನ್ನೇ ಕೊಡುವುದು ಎಂಬುದು ಮನೆಯ ಕ್ರಮವಾಗಿತ್ತು. ಈಗ ಹಿಂದಕ್ಕೆ ಎಣಿಸಿ ನೋಡಿ. ಪ್ಯಾರಾಸಿಟಮಾಲ್ ಮೂರು, ಐಬುಪ್ರೊಫೆನ್ ಒಂದು. ನಾಲ್ಕನೆಯ ಪ್ಯಾರಾಸಿಟಮಾಲ್ ಬೆಳಗ್ಗೆ 11:40ರ ನಂತರ ಯಾವಾಗಲಾದರೂ ಕೊಡಬಹುದು. ಆದರೆ ಅದನ್ನು ಕೊಟ್ಟ ಮೇಲೆ ಸಂಜೆ 6:10 ದಾಟುವವರೆಗೆ ಐದನೆಯದು ಇಲ್ಲ. ದಿನ ಶುರುವಾಗುವುದು ಮಧ್ಯರಾತ್ರಿ ಹನ್ನೆರಡಕ್ಕೆ ಎಂದು ಎಣಿಸಿದರೆ ಸಂಜೆಯ ಡೋಸು, ರಾತ್ರಿಯ ಡೋಸು ಎರಡೂ ಲೆಕ್ಕದಿಂದ ಜಾರಿಹೋಗುತ್ತವೆ. ಈಗಿನ ಗಂಟೆಯಿಂದ ಹಿಂದಕ್ಕೆ 24 ಗಂಟೆ, ಅದರೊಳಗೆ ಎಷ್ಟು ಗುರುತು ಇದೆ ಎಂದು ಪ್ರತಿ ಸಲವೂ ಬೆರಳಿಟ್ಟು ಎಣಿಸಬೇಕು.

ಕೊಟ್ಟ ಮದ್ದು ವಾಂತಿಯಾದರೆ ಅದನ್ನೂ ಗಂಟೆ ಸಹಿತ ಬರೆಯಿರಿ. ಅರ್ಧ ಗಂಟೆಯೊಳಗೆ ಆದರೆ ಅದೇ ಪ್ರಮಾಣವನ್ನು ಒಮ್ಮೆ ಮತ್ತೆ ಕೊಡಬಹುದು, ಆಮೇಲೆ ಆದರೆ ಬೇಡ. ವಾಂತಿ ಮರುಕಳಿಸುತ್ತಿದ್ದರೆ ಐಬುಪ್ರೊಫೆನ್‌ನ ಅಂಕಣಕ್ಕೆ ಅಡ್ಡಗೆರೆ ಎಳೆದುಬಿಡಿ.

ಎರಡೂ ಸೇರಿದ ಸಿರಪ್

ಕಾಂಬಿಫ್ಲಾಮ್, ಐಬುಜೆಸಿಕ್ ಪ್ಲಸ್ ಎಂದು ಕೇಳಿಕೊಂಡು ಬರುವವರು ಬಹಳ. ಒಂದೇ ಬಾಟಲಿ, ಒಂದೇ ಅಳತೆ, ಬರೆಯುವ ರಗಳೆ ಇಲ್ಲ ಎಂಬುದು ಅದರ ಆಕರ್ಷಣೆ. ನಿಜದಲ್ಲಿ ಲೆಕ್ಕ ಇನ್ನೂ ಕಷ್ಟವಾಗುತ್ತದೆ. ಅದನ್ನು ಕೊಟ್ಟ ಕ್ಷಣ ಎರಡೂ ಗಡಿಯಾರ ಒಟ್ಟಿಗೆ ಶುರುವಾಗುತ್ತವೆ. ಮೂರು ಗಂಟೆಯಲ್ಲಿ ಮಗು ಮತ್ತೆ ಅತ್ತರೆ ಕೊಡಲಿಕ್ಕೆ ಯಾವುದೂ ಉಳಿದಿರುವುದಿಲ್ಲ. ಆಗ ಮನೆಯವರು “ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಕೊಡೋಣ” ಎಂದು ಇನ್ನೊಂದು ಬಾಟಲಿ ತೆಗೆಯುತ್ತಾರೆ, ಅದು ಆಗಲೇ ಒಳಗೆ ಹೋಗಿದೆ ಎಂಬುದು ಹೆಸರಿನಿಂದ ಗೊತ್ತಾಗುವುದಿಲ್ಲ. ಡೆಂಗಿಯ ಕಾಲದಲ್ಲಂತೂ ಐಬುಪ್ರೊಫೆನನ್ನು ಮಾತ್ರ ಬಿಡುವ ದಾರಿಯೇ ಇಲ್ಲ. ವೈದ್ಯರು ಇದನ್ನೇ ಬರೆದಿದ್ದರೆ ಹಾಳೆಯ ಎರಡೂ ಅಂಕಣದಲ್ಲಿ ಒಂದೊಂದು ಗುರುತು ಹಾಕಿ.

ಶೀತ ಕೆಮ್ಮಿನ ಸಿರಪ್‌ನ ಹಿಂದೆಯೂ ಒಮ್ಮೆ ಓದಿ. ಹಲವುಗಳಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ಇದ್ದರೆ ಅದೂ ಎಡಗಡೆಯ ಅಂಕಣಕ್ಕೇ ಸೇರಬೇಕು.

ಲೆಕ್ಕ ತಪ್ಪಿದರೆ

ಅಮ್ಮನೂ ಕೊಟ್ಟು ಅಜ್ಜಿಯೂ ಕೊಟ್ಟದ್ದು ಹಾಳೆ ನೋಡಿದಾಗ ಗೊತ್ತಾದರೆ, ಮಗು ಚೆನ್ನಾಗಿದೆಯಲ್ಲ ಎಂದು ಸುಮ್ಮನಾಗಬೇಡಿ. ಪ್ಯಾರಾಸಿಟಮಾಲ್ ಹೆಚ್ಚಾದರೆ ಮೊದಲ ದಿನ ಸ್ವಲ್ಪ ವಾಂತಿ ಬಿಟ್ಟರೆ ಏನೂ ಕಾಣಿಸದೆ ಇರಬಹುದು, ಲಿವರಿನ ತೊಂದರೆ ಗೊತ್ತಾಗುವುದು ಒಂದೆರಡು ದಿನ ಕಳೆದು. ಅದಕ್ಕೆ ಪ್ರತಿಮದ್ದು ಇದೆ, ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ. ಮುಂದಿನ ಡೋಸ್ ನಿಲ್ಲಿಸಿ, ಬಾಟಲಿ ಮತ್ತು ಹಾಳೆ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ವೈದ್ಯರಿಗೆ ಕರೆ ಮಾಡಿ. ಎಷ್ಟು ಮಿಲಿ, ಯಾವ ಸಾಂದ್ರತೆ, ಎಷ್ಟು ಗಂಟೆಗೆ, ಮಗುವಿನ ತೂಕವೆಷ್ಟು ಎಂದು ಅವರು ಕೇಳುವ ನಾಲ್ಕಕ್ಕೂ ಉತ್ತರ ಅಲ್ಲೇ ಇರುತ್ತದೆ. ಕೇರಳದ ದಿಶಾ ಸಹಾಯವಾಣಿ 1056ಕ್ಕೂ ಹೊತ್ತಿಲ್ಲದ ಹೊತ್ತಿನಲ್ಲಿ ಕರೆ ಮಾಡಬಹುದು.

ಕೆಲವು ಮಕ್ಕಳಿಗೆ ಮದ್ದಿನ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ 100.4 ದಾಟಿದರೆ ನೇರ ಆಸ್ಪತ್ರೆಗೆ. ಯಾವ ವಯಸ್ಸೇ ಇರಲಿ, ಎಬ್ಬಿಸಿದರೂ ಮಂಕಾಗಿಯೇ ಇದ್ದರೆ, ಉಸಿರು ಏದುಸಿರಾಗಿದ್ದರೆ, ಕುತ್ತಿಗೆ ಸೆಟೆದರೆ, ಎಂಟು ಗಂಟೆಗಳ ಕಾಲ ಮೂತ್ರವಿಲ್ಲದಿದ್ದರೆ, ಫಿಟ್ಸ್ ಬಂದರೆ 108ಕ್ಕೆ ಕರೆ ಮಾಡಿ. ಜ್ವರ ಮೂರು ದಿನ ದಾಟಿದರೂ ಮತ್ತೆ ತೋರಿಸಬೇಕು.

ಮಳೆಗಾಲದಲ್ಲಿ ಇನ್ನೊಂದನ್ನು ಹೆಚ್ಚು ಕಣ್ಣಿಟ್ಟು ನೋಡಿ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ. ಹಾಳೆಯಲ್ಲಿ ಡಿಗ್ರಿ ಇಳಿಯುತ್ತಿದೆ, ಮದ್ದಿನ ಗುರುತೂ ಕಡಿಮೆಯಾಗಿದೆ, ಆದರೆ ಬದಿಯಲ್ಲಿ ವಾಂತಿ, ಹೊಟ್ಟೆನೋವು, ಕುಡಿಯಲೊಲ್ಲದು ಎಂದು ಬರೆಯಬೇಕಾಗಿ ಬಂದರೆ, ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ, ಕೈಕಾಲು ತಣ್ಣಗಾದರೆ, ಜ್ವರ ಬಿಟ್ಟಿತು ಎಂದು ಮನೆಯಲ್ಲಿ ಉಳಿಯದೆ ಅದೇ ಹಾಳೆಯನ್ನು ತೆಗೆದುಕೊಂಡು ಹೊರಡಿ.